ತೆಂಗಿನ ಗಿಡದಾಗಿನ ಇಲಿ ಮನಿ ತಗಡಿಗೆ ಇಳಿಯೋ ದಾರಿ ಹೆಂಗ ಮುಚ್ಚಬೇಕು

ಪ್ರಶ್ನೆ: ನಮಸ್ಕಾರ್ರಿ ಸರ್. ನಮ್ಮದು ಕಾರಟಗಿ ಕಡೆ ಊರು. ಮನಿ ಬಾಜೂಕ ಎರಡು ತೆಂಗು, ಐದು ಅಡಿಕಿ ಗಿಡ ಅದಾವ. ರಾತ್ರಿ ಆದ್ರ ಅಡಿಗಿಮನಿ ತಗಡಿನ ಮ್ಯಾಲೆ ಇಲಿ ಓಡಾಡ್ತಾವ, ಮುಂಜಾನೆ ಗಿಡದ ಬುಡಕ್ಕ ತೂತು ಬಿದ್ದ ಎಳಿಗಾಯಿ ಸಿಗ್ತಾವ. ಬುಡದಾಗ ಪಾಷಾಣ ಇಟ್ವಿ, ಎರಡು ಸತ್ವು, ಆದ್ರ ಮ್ಯಾಲಿನ ಕಾಟ ಹಂಗೇ ಐತಿ. ಮನಿಯವ್ರು ಗಿಡಾನೇ ಕಡಿಸೋಣ ಅಂತಾರ. ಕಡೀದೇ ಏನಾರ ಮಾಡಾಕ ಬರ್ತೈತೇನ್ರಿ?

ಉತ್ತರ: ಬರ್ತೈತ್ರಿ ಅಕ್ಕಾರ. ಗಿಡ ಕಡಿಸೋ ಮಾತು ಸದ್ಯಕ್ಕ ಬಿಡ್ರಿ, ಅದನ್ನ ಯಾವಾಗ ಮಾಡಬೇಕಂತ ಕೊನಿಗೆ ಹೇಳ್ತೀನಿ. ಮೊದ್ಲು ಆ ಸತ್ತ ಎರಡು ಯಾವ ಜಾತಿವು ಅಂತ ನೆನಪು ಮಾಡ್ಕೋರಿ. ಮೈ ದಪ್ಪ, ಮೂತಿ ಮೊಂಡ, ಬಾಲ ಮೈಗಿಂತ ಸಣ್ಣದು, ಗಿಡದ ಬುಡಕ್ಕೋ ಗೋಡಿ ಬುಡಕ್ಕೋ ಬಿಲ ತೋಡಿ ಮಣ್ಣು ಗುಪ್ಪಿ ಹಾಕಿದ್ದು ಕಂಡ್ರ ಅದು ಹೆಗ್ಗಣ. ನಿಮ್ಮ ಕಡೆ ಎಡದಂಡೆ ಕಾಲುವಿ ನೀರಿನ ಭತ್ತದ ಗದ್ದಿ ಸುತ್ತಲೂ ಇರೋದ್ರಿಂದ ಹೆಗ್ಗಣ ಇರೋದು ಸಹಜ, ಭತ್ತ ಕೊಯ್ದ ಮ್ಯಾಲೆ ಅವು ಮನಿ ಕಡೆ ಬರ್ತಾವ. ಆದ್ರ ಅವು ನೆಲದಾಗಿನ ಪ್ರಾಣಿ, ತೆಂಗಿನ ಗಿಡ ಹತ್ತಿ ಸಂಸಾರ ಮಾಡೋವಲ್ಲ. ಗಿಡದಾಗಿರೋದು ಕರಿ ಇಲಿ, ಶಾಸ್ತ್ರದ ಹೆಸರು ರಾಟಸ್ ರಾಟಸ್. ತೆಳ್ಳನ ಮೈ, ದೊಡ್ಡ ಕಿವಿ, ಬಾಲ ಮೈಗಿಂತ ಉದ್ದ, ನಮ್ಮ ಕಡೆ ತೆಂಗಿನ ಗಿಡದಾಗ ಸಿಗೋವಕ್ಕ ಬೆನ್ನು ಕಂದು ಇದ್ರೂ ಹೊಟ್ಟಿ ಬೆಳ್ಳಗ ಇರ್ತೈತಿ. ಆ ಉದ್ದ ಬಾಲದಿಂದ ತೂಕ ಸಂಭಾಳಿಸ್ಕೊಂಡು ಅದು ಕರೆಂಟ್ ವೈರ್ ಮ್ಯಾಲೂ ಆರಾಮ್ ನಡೀತೈತಿ.

ಈ ಇಲಿಗೆ ಕೆಳಗ ಇಳಿಯೋ ಗರಜೇ ಇಲ್ಲ ಅನ್ನೋದನ್ನ ತಿಳ್ಕೊಂಡ್ರ ನೀವು ಇಟ್ಟ ಪಾಷಾಣ ಯಾಕ ಕೆಲಸ ಮಾಡಲಿಲ್ಲ ಅನ್ನೋದು ತಿಳೀತೈತಿ. ಮೂರರಿಂದ ಆರು ತಿಂಗಳ ಎಳಿಗಾಯಿದಾಗ ಚಿಪ್ಪು ಇನ್ನೂ ಗಟ್ಟಿ ಆಗಿರಂಗಿಲ್ಲ, ಒಳಗ ನೀರು ಐತಿ, ಊಟಾನೂ ಐತಿ. ಮಲಗಾಕ ಗರಿ ಬುಡದ ಸಂದಿ ಐತಿ, ಅಲ್ಲೇ ಜಾಳಿಗಿಯಂಥ ನಾರು ಸುತ್ತಿರ್ತೈತಿ, ಅದನ್ನ ಹರದು ಉಂಡಿ ಮಾಡಿ ಗೂಡು ಕಟ್ತೈತಿ. ಬ್ಯಾಸಿಗಿದಾಗ ನಮ್ಮಲ್ಲಿ 42 ಡಿಗ್ರಿ ಬಿಸಿಲು ಇದ್ದಾಗ್ಲೂ ಆ ಜಾಗ ನೆರಳಿನದು. ಗಬ್ಬ ಆದ ಇಲಿ ಮೂರು ವಾರಕ್ಕ ಮರಿ ಹಾಕ್ತೈತಿ, ಒಂದು ಸಲಕ್ಕ ಐದಾರು, ಎಂಟೂ ಆಗಬಹುದು, ಆ ಮರಿ ಮೂರು ತಿಂಗಳೊಳಗ ತಾವೂ ಮರಿ ಹಾಕೋ ಹಂಗ ಆಗ್ತಾವ. ಅಂಥದಕ್ಕ ಕೆಳಗಿನ ಹಿಟ್ಟಿನ ಉಂಡಿ ಯಾಕ ಬೇಕು ಹೇಳ್ರಿ.

ಆದ್ರೂ ಇಲಿನೇ ಅಂತ ಖಾತ್ರಿ ಮಾಡ್ಕೊಂಡು ಮುಂದ ಹೋಗೋದು ಚಲೋ. ಬಿದ್ದ ಕಾಯಿ ಕೈಯಾಗ ಹಿಡ್ಕೊಂಡು ನೋಡ್ರಿ, ತೂತು ತೊಟ್ಟಿನ ಹತ್ರ ಇದ್ದು, ಅಂಚಿನಾಗ ಹಲ್ಲಿನ ಗೀರು ಸಾಲಾಗಿ ಕಂಡ್ರ, ಒಳಗಿನ ನೀರು ಎಳಿ ಕೊಬ್ಬರಿ ಖಾಲಿ ಆಗಿದ್ರ ಅದು ಇಲಿ ಕೆಲಸ. ಅಳಿಲೂ ಕಾಯಿ ಕಡೀತೈತಿ, ಆದ್ರ ಅದು ಹಗಲಿನ ಪ್ರಾಣಿ, ಸಂಜಿಕ ಬುಡ ಕಸಬರಿಗಿಲೆ ಗುಡಿಸಿ ಬಿಟ್ಟು ಮುಂಜಾನೆ ಬೆಳಕು ಹರಿಯೋಕಿಂತ ಮುಂಚೆ ನೋಡಿದ್ರ ರಾತ್ರಿ ಬಿದ್ದದ್ದು ಯಾವುದು ಹಗಲು ಬಿದ್ದದ್ದು ಯಾವುದು ಅಂತ ಗೊತ್ತಾಗ್ತೈತಿ. ತೂತೇ ಇಲ್ಲದ ಸಣ್ಣ ಮಿಡಿ ಉದುರಿದ್ರ ಅದಕ್ಕೂ ಇಲಿಗೂ ಸಂಬಂಧ ಇಲ್ಲ, ನೀರು ಕಡಿಮಿ ಬಿದ್ರೂ ಉದುರ್ತಾವ, ನುಸಿ ಬಿದ್ರೂ ಉದುರ್ತಾವ, ಅದನ್ನೆಲ್ಲ ಇಲಿ ಲೆಕ್ಕಕ್ಕ ಬರೀಬ್ಯಾಡ್ರಿ. ತಗಡಿನ ಮ್ಯಾಲೆ ಸಿಗೋ ಹಿಕ್ಕಿನೂ ನೋಡ್ರಿ, ಕರಿ ಇಲಿದು ಅರ್ಧ ಇಂಚಿನಷ್ಟು ಉದ್ದ, ಎರಡೂ ತುದಿ ಚೂಪು. ಹೆಗ್ಗಣದ್ದು ಅದಕ್ಕಿಂತ ದೊಡ್ಡದು, ದಪ್ಪ.

ಈಗ ಅಸಲಿ ಮಾತಿಗೆ ಬರ್ತೀನಿ. ಮನಿ ಹತ್ತಿರದ ಗಿಡದ ಇಲಿ ಓಡಿಸೋದಂದ್ರ ಇಲಿ ಕೊಲ್ಲೋದು ಎರಡನೇ ಕೆಲಸ, ಮೊದಲನೇದು ದಾರಿ ಕಡಿಯೋದು. ದಾರಿ ಮೂರು ಇರ್ತಾವ. ನೆಲದಿಂದ ಬೊಡ್ಡಿ ಹಿಡದು ಮ್ಯಾಲಕ ಒಂದು, ಒಂದು ಗಿಡದ ಗರಿಯಿಂದ ಇನ್ನೊಂದು ಗಿಡದ ಗರಿಗೆ ಒಂದು, ಗರಿಯಿಂದ ನಿಮ್ಮ ತಗಡಿಗೆ ಒಂದು. ಈ ಮೂರರಾಗ ಒಂದು ಬಿಟ್ರೂ ಉಳಿದ ಎರಡು ಮುಚ್ಚಿದ್ದು ದಂಡ, ಯಾಕಂದ್ರ ತಗಡಿಂದ ಗರಿಗೆ ಹತ್ತಾಕ ಬಂದ್ರ ಬೊಡ್ಡಿಗೆ ನೀವು ಏನೇ ಕಟ್ಟಿದ್ರೂ ಇಲಿಗೆ ಅದು ಬೇಕಾಗೇ ಇಲ್ಲ.

ಗಂಗಾವತಿ ಊರಂಚಿಗೆ ನಾನು ನೋಡಿದ ಒಂದು ಮನಿ ನಿಮ್ಮದರಂಗೇ ಇತ್ತು, ಅದನ್ನೇ ಇಟ್ಕೊಂಡು ಹೇಳ್ತೀನಿ. ಮುಂದ ಆರ್‌ಸಿಸಿ ಮನಿ, ಹಿಂದ ತಗಡಿನ ಅಡಿಗಿಮನಿ, ಬಾಜೂಕ ಎರಡು ತೆಂಗು, ಕಾಂಪೌಂಡ್ ಗೋಡಿ ಗುಂಟ ಅಡಿಕಿ ಸಾಲು. ಅವರು ಯಾರೋ ಹೇಳಿದ್ರು ಅಂತ ತೆಂಗಿಗೆ ಮೊದಲೇ ತಗಡು ಸುತ್ತಿದ್ರು, ಆದ್ರ ನೆಲದಿಂದ ನಾಕು ಅಡಿ ಎತ್ತರಕ್ಕ ಸುತ್ತಿದ್ರು, ಕಾಂಪೌಂಡ್ ಗೋಡಿ ಐದು ಅಡಿ, ಗಿಡಕ್ಕೂ ಗೋಡಿಗೂ ನಡುವ ಎರಡೇ ಅಡಿ ಜಾಗ. ಇಲಿ ಗೋಡಿ ಮ್ಯಾಲೆ ಬಂದು ತಗಡಿನ ಮ್ಯಾಲಿನ ಬೊಡ್ಡಿಗೆ ಸೀದಾ ಜಿಗೀತಿತ್ತು. ಕರಿ ಇಲಿ ಅಡ್ಡಕ್ಕ ಮೂರರಿಂದ ನಾಕು ಅಡಿ ಜಿಗೀತೈತಿ, ನೆಟ್ಟಗ ಮ್ಯಾಲಕ ಎರಡೂವರಿ ಅಡಿ ಹತ್ರ, ಕೆಳಗಿನ ಕಡೆ ಜಿಗಿಯೋದಾದ್ರ ಇನ್ನೂ ದೂರ. ಅವರ ಅಡಿಕಿಗೆ ಏನೂ ಕಟ್ಟಿರಲಿಲ್ಲ, ಅಡಿಕಿ ಗರಿ ತೆಂಗಿನ ಗರಿಗೆ ತಾಗಿತ್ತು, ತೆಂಗಿನ ಎರಡು ಗರಿ ಅಡಿಗಿಮನಿ ತಗಡಿನ ಮ್ಯಾಲೆ ಮಲಗಿದ್ವು. ಮೂರೂ ದಾರಿ ತೆರದಿದ್ವು, ನಡುವ ಒಂದು ತಗಡು.

ದಾರಿ ಪತ್ತೆ ಮಾಡಾಕ ರಂಗೋಲಿ ಪುಡಿ ಸಾಕು. ಸಂಜಿಕ ಗೋಡಿ ಮ್ಯಾಲೆ, ತಗಡಿನ ಅಂಚಿಗೆ, ಗಿಡದ ಬುಡದ ಸುತ್ತ ತೆಳ್ಳಗ ಉದುರಿಸಿ ಬಿಡ್ರಿ, ಗಾಳಿ ಇಲ್ಲದ ರಾತ್ರಿ ಮಾಡ್ರಿ. ಮುಂಜಾನೆ ಸಣ್ಣ ಕಾಲಿನ ಗುರ್ತು, ಒಂದೊಂದ್ಸಲ ನಡುವ ಬಾಲ ಎಳದ ಗೆರಿ, ಎಲ್ಲಿ ಭಾಳ ಐತೋ ಅದೇ ಹೆದ್ದಾರಿ. ಹಳೇ ದಾರಿ ಆಗಿದ್ರ ಪುಡಿ ಇಲ್ಲದೇನೂ ಗೊತ್ತಾಗ್ತೈತಿ, ಮೈಯಾಗಿನ ಎಣ್ಣಿ ಜಿಡ್ಡು ತಿಕ್ಕಿ ತಿಕ್ಕಿ ಗೋಡಿ ಮೂಲಿ, ವೈರ್, ಗರಿ ದಿಂಡು ಕರ್ರಗ ಆಗಿರ್ತೈತಿ. ಡಿಶ್ ಕೇಬಲ್, ಬಟ್ಟಿ ಒಣಗಸೋ ಹಗ್ಗ ಗಿಡಕ್ಕ ಕಟ್ಟಿದ್ರ ಅದನ್ನೂ ನೋಡ್ರಿ, ಭಾಳ ಮನಿಯಾಗ ಆ ಹಗ್ಗಾನೇ ಸೇತುವಿ. ಕರೆಂಟ್ ಸರ್ವೀಸ್ ವೈರಿಗೆ ಗರಿ ತಾಗಿದ್ರ ನೀವು ಕೈ ಹಾಕಬ್ಯಾಡ್ರಿ, ಲೈನ್‌ಮನ್‌ಗೆ ಹೇಳಿ ಲೈನ್ ಬಂದ್ ಮಾಡಿಸೇ ಗರಿ ಇಳಿಸಬೇಕು.

ಇನ್ನ ಕೆಲಸದ ಕ್ರಮ. ಇದು ಹಿಂದಮುಂದ ಆದ್ರ ಇಲಿ ಸೀದಾ ನಿಮ್ಮ ಅಡಿಗಿಮನಿ ಒಳಗ ಬರ್ತಾವ, ಅದಕ್ಕ ಒತ್ತಿ ಹೇಳ್ತೀನಿ. ಗಿಡದ ತಲಿ ಕ್ಲೀನ್ ಮಾಡಿದ ದಿನ ಅಲ್ಲಿದ್ದ ಇಲಿ ಮನಿ ಮಠ ಕಳ್ಕೊಂಡು ದಿಕ್ಕಾಪಾಲು ಓಡ್ತಾವ, ಹತ್ತಿರದ ಸಂದಿ ಯಾವುದೋ ಅಲ್ಲಿಗೆ ನುಗ್ತಾವ. ಹಂಗಾಗಿ ಎಲ್ಲಕ್ಕಿಂತ ಮೊದ್ಲು ಮನಿ ಸಂದಿ ಮುಚ್ಚಬೇಕು. ತಗಡಿನ ಅಡಿಗಿಮನಿದಾಗ ಎಲ್ಲರೂ ಮರೆಯೋ ಜಾಗ ಅಂದ್ರ ತಗಡು ಗೋಡಿ ಮ್ಯಾಲೆ ಕೂಡೋ ಕಡೆ, ತಗಡಿನ ಅಲಿ ಅಲಿ ಇರ್ತಾವಲ್ಲ, ಪ್ರತಿ ಅಲಿ ಕೆಳಗೂ ಒಂದು ಅರ್ಧಚಂದ್ರದ ಕಿಂಡಿ ಉಳಿದಿರ್ತೈತಿ. ಅರ್ಧ ಇಂಚು ಸಂದಿ ಸಿಕ್ರ ಮರಿ ಇಲಿ ತೂರ್ತೈತಿ, ಮುಕ್ಕಾಲು ಇಂಚು ಇದ್ರ ದೊಡ್ಡದೂ ತೂರ್ತೈತಿ. ಅಲ್ಲಿ ಹಳೇ ಸೀರಿ, ಗೋಣಿ ಚೀಲ, ಥರ್ಮಾಕೋಲ್ ತುರುಕಿದ್ರ ಅದನ್ನೇ ಹರದು ಗೂಡು ಮಾಡ್ಕೋತಾವ. ಕಾಲು ಇಂಚಿನ ಕಣ್ಣಿರೋ ಜಿಐ ಜಾಳಿಗಿ ಮಡಚಿ ಒಳಗ ಕೂಡಿಸಿ, ಮ್ಯಾಲೆ ಸಿಮೆಂಟ್ ಗಿಲಾವು ಹಾಕಿಸ್ರಿ. ಹೊಗಿ ಹೋಗೋ ಕಿಂಡಿಗೂ ಅದೇ ಜಾಳಿಗಿ, ಸಿಮೆಂಟ್ ಬ್ಯಾಡ. ಹಳೇ ಮಣ್ಣಿನ ಮಾಳಗಿ ಇದ್ದವ್ರು ಬೆಳಕಿಂಡಿಗೂ ಜಾಳಿಗಿ ಹೊಡಸಬೇಕು, ನಿಮ್ಮದು ತಗಡಾದ್ರಿಂದ ಅದು ಬಿಡ್ರಿ.

ಎರಡನೇದು, ತಗಡಿನ ಮ್ಯಾಲೆ ಬಂದ ಗರಿ. ಗರಿ ತುದಿಗೂ ತಗಡಿಗೂ ನಡುವ ಆರು ಅಡಿ ಬಿಡಬೇಕಂತ ನಾನು ಹೇಳ್ತೀನಿ. ಜಿಗಿತದ ಲೆಕ್ಕಕ್ಕ ನಾಕು ಅಡಿ ಸಾಕು ಅನಸ್ತೈತಿ, ಆದ್ರ ತೆಂಗಿನ ಗರಿ ಗಾಳಿಗೆ ತೂಗ್ತೈತಿ, ಮ್ಯಾಲೆ ಇಲಿ ಬಂದ್ರ ತುದಿ ಇನ್ನೂ ಬಾಗ್ತೈತಿ. ಇಲ್ಲೊಂದು ಎಚ್ಚರಿಕಿ. ಹಸಿ ಗರಿನ ಬೊಡ್ಡಿ ಹತ್ರ ಒತ್ತಿ ಕಡಿಸಬ್ಯಾಡ್ರಿ, ಆ ಹಸಿ ಗಾಯದ ವಾಸನಿಗೆ ಕೆಂಪು ಮೂತಿ ಹುಳ ಬಂದು ತತ್ತಿ ಇಡ್ತೈತಿ, ಆಮ್ಯಾಲೆ ಇಲಿ ಹೋಗಿ ಗಿಡಾನೇ ಹೋಗೋ ಪರಿಸ್ಥಿತಿ ಬರ್ತೈತಿ. ಬೊಡ್ಡಿಯಿಂದ ನಾಕು ಅಡಿ ದಿಂಡು ಬಿಟ್ಟು ಅಲ್ಲಿಂದ ಮುಂದಿಂದು ಕಡಿಸ್ರಿ, ಹುಳದ ಮರಿ ಅಷ್ಟು ದೂರದಿಂದ ಬೊಡ್ಡಿಗೆ ಮುಟ್ಟೋದ್ರೊಳಗ ದಿಂಡು ಒಣಗಿರ್ತೈತಿ. ಮತ್ತ ಪ್ರತಿ ಗರಿ ಕಂಕುಳದಾಗ ಒಂದು ಗೊನಿ ಕೂತಿರ್ತೈತಿ, ಗರಿನೇ ಆ ಗೊನಿಗೆ ಆಸರ. ಅದಕ್ಕ ತಗಡಿಗೆ ಬಂದ ಒಂದೆರಡು ಗರಿ ಮಾತ್ರ, ಸುತ್ತ ಬೋಳಿಸೋದು ಬ್ಯಾಡ.

ಮೂರನೇದು ತಲಿ ಕ್ಲೀನ್ ಮಾಡೋದು, ಇದು ಹಗಲೇ ಆಗಬೇಕು, ಇಲಿ ಮನಿಯಾಗ ಇರೋ ಹೊತ್ತು ಅದು. ಕಾಯಿ ಇಳಸಾವ್ರಿಗೆ ಹೇಳಿದ್ರ ಒಣ ಗರಿ ಎಳದು ಇಳೀತಾರ, ಅಷ್ಟಕ್ಕ ಗೂಡು ಹೋಗಂಗಿಲ್ಲ. ಒಣ ಗರಿ, ಒಣ ಹೊಂಬಾಳಿ, ಕಾಯಿ ಕೊಯ್ದು ಉಳಿದ ಒಣ ಗೊನಿ ದಿಂಡು, ಗರಿ ಬುಡಕ್ಕ ಜೋತಾಡೋ ಸಡಿಲ ನಾರು, ಇಷ್ಟೂ ತಗೀಬೇಕು. ಎಳಿ ಗರಿಗೆ ಬಿಗಿಯಾಗಿ ಸುತ್ತಿದ ನಾರು ಮುಟ್ಟಬಾರದು, ಸುಳಿಗೆ ಅದೇ ಕಾವಲು. ಗೂಡು ಸಾಮಾನ್ಯವಾಗಿ ಹಳೇ ಗೊನಿ ಇದ್ದ ಜಾಗದಾಗ, ಮೂರ್ನಾಕು ಗರಿ ಬುಡ ಕೂಡೋ ಕಡೆ ಇರ್ತೈತಿ, ಹೊರಗಿಂದ ನೋಡಿದ್ರ ಬರೀ ಕಸದ ಮುದ್ದಿ, ಬೆರಳು ಹಾಕಿದ್ರ ಒಳಗ ಮೆತ್ತನ ನಾರು, ಚೂರು ಚೂರು ಹರದ ಗರಿ ಎಸಳು, ಒಂದೊಂದ್ಸಲ ನಿಮ್ಮ ಹಗ್ಗದ ಮ್ಯಾಲೆ ಒಣಹಾಕಿದ ಅರಿವಿ ತುಂಡೂ ಇರ್ತೈತಿ. ಗಂಗಾವತಿ ಮನಿಯಾಗ ಒಂದು ಗಿಡದಾಗ ಎರಡು ಗೂಡು ಸಿಕ್ವು, ಒಂದ್ರಾಗ ಇನ್ನೂ ಕಣ್ಣು ಬಿಡದ ಮರಿ ಇದ್ವು, ಇನ್ನೊಂದು ಹಳೇದು, ಅದರ ಅಡಿಗೆ ಎಳಿಗಾಯಿ ಸಿಪ್ಪಿ ತುಂಬಿತ್ತು. ಹತ್ತಾವ್ರು ಬರಿಗೈಲೆ ಹುಡುಕಬಾರದು, ದಪ್ಪ ಕೈಗವಸು, ಮೂಗಿಗೆ ಅರಿವಿ ಬೇಕೇ ಬೇಕು, ಇಲಿ ಉಚ್ಚಿಯಿಂದ ಇಲಿ ಜ್ವರ ಬರ್ತೈತಿ, ಕೈಮ್ಯಾಲೆ ಗರಿ ಗೀರಿದ ಗಾಯ ಇದ್ರ ಅದೇ ಬಾಗಿಲು. ಇಲಿ ಇದ್ದಲ್ಲಿ ಅದನ್ನ ಹುಡುಕಿ ಹಾವೂ ಗಿಡ ಏರಿರಬಹುದು, ಅದಕ್ಕ ಮೊದ್ಲು ಕೋಲಿನಿಂದ ಕೆದಕಿ ಆಮ್ಯಾಲೆ ಕೈ ಹಾಕಬೇಕು. ಕೆಳಗ ಒಂದು ಹಳೇ ತಾಡಪಾಲ್ ಹಾಸಿ ಎಲ್ಲ ಅದರ ಮ್ಯಾಲೆ ಬೀಳಿಸಿ, ಗೂಡಿನ ಕಸ ದೂರ ಒಯ್ದು ಸುಡ್ರಿ ಇಲ್ಲ ಹುಗೀರಿ, ನೀರಿನ ತೊಟ್ಟಿ ಮುಚ್ಚಿಡ್ರಿ.

ನಾಕನೇದು ತಗಡು ಸುತ್ತೋದು, ಅವತ್ತೇ ಸಂಜಿಯೊಳಗ. ನಾಳಿಕ ಅಂತ ಬಿಟ್ರ ರಾತ್ರಿನೇ ವಾಪಸ್ ಏರ್ತಾವ. ಆ ಮನಿ ತೆಂಗಿನ ಬೊಡ್ಡಿ ಸುತ್ತಳತಿ 92 ಸೆಂಟಿಮೀಟರ್ ಇತ್ತು, ನಾವು 40 ಸೆಂಟಿಮೀಟರ್ ಅಗಲ, ಒಂದು ಮೀಟರ್ ಉದ್ದದ ಪ್ಲೇನ್ ಜಿಐ ತಗಡು ಕತ್ತರಿಸಿದ್ವಿ, 8 ಸೆಂಟಿಮೀಟರ್ ಒಂದರ ಮ್ಯಾಲೊಂದು ಬರೋ ಹಂಗ. ಅಗಲ 40ಕ್ಕಿಂತ ಕಡಿಮಿ ಮಾಡಬ್ಯಾಡ್ರಿ, ಇಲಿ ಮೈ ಚಾಚಿದ್ರ ಕೆಳಗಿನ ತೊಗಟಿಗೆ ಹಿಂಗಾಲು ಊರಿ ಮುಂಗಾಲು ಮ್ಯಾಲಿನ ಅಂಚಿಗೆ ಹಾಕ್ತೈತಿ. ಎತ್ತರ ಅಂದ್ರ ತಗಡಿನ ಕೆಳಗಿನ ಅಂಚು ನೆಲದಿಂದ ಆರೂವರಿ ಅಡಿ, ಬಾಜೂಕ ಗೋಡಿ ಇದ್ರ ಗೋಡಿ ತಲಿಗಿಂತ ಮೂರು ಅಡಿ ಮ್ಯಾಲೆ. ಆ ಮನಿಯಾಗ ಗೋಡಿ ಐದು ಅಡಿ ಇದ್ದಿದ್ದಕ್ಕ ನೆಲದಿಂದ ಎಂಟು ಅಡಿಗೆ ಕಟ್ಟಿದ್ವಿ. ನಿಮ್ಮ ಅಡಿಗಿಮನಿ ತಗಡು ಬೊಡ್ಡಿಯಿಂದ ನಾಕು ಅಡಿಯೊಳಗ ಇದ್ರ ಅದೂ ಗೋಡಿ ಇದ್ದಂಗೇ, ಅದರ ಅಂಚಿಗಿಂತ ಮೂರು ಅಡಿ ಮ್ಯಾಲೆ ಕಟ್ಟಬೇಕಾಗ್ತೈತಿ.

ಮೊಳಿ ಹೊಡೀಬ್ಯಾಡ್ರಿ ಅಂತ ಕೈ ಮುಗದು ಹೇಳ್ತೀನಿ. ಮಾವು ಬೇವಿನ ಗಿಡಕ್ಕ ಗಾಯ ಆದ್ರ ತೊಗಟಿ ಬೆಳದು ಮುಚ್ಚಕೋತೈತಿ, ತೆಂಗು ಅಡಿಕಿಗೆ ಅಂಥ ಬೆಳವಣಿಗಿ ಇಲ್ಲ, ಮೊಳಿ ತೂತು ಅದರ ಆಯುಷ್ಯ ಇರೋತನಕ ತೂತೇ, ಅಲ್ಲಿಂದ ನೀರು ಇಳೀತೈತಿ, ರಸ ಸೋರೋ ರೋಗ, ಕೆಂಪು ಮೂತಿ ಹುಳ ಎರಡಕ್ಕೂ ಅದು ಆಹ್ವಾನ. ಅದೇ ಕಾರಣಕ್ಕ ಒಂದು ಅನುಕೂಲಾನೂ ಐತಿ, ಬೊಡ್ಡಿ ಒಮ್ಮೆ ಎದ್ದ ಮ್ಯಾಲೆ ಬ್ಯಾರೆ ಗಿಡದಂಗ ವರ್ಷ ವರ್ಷ ದಪ್ಪ ಆಗಂಗಿಲ್ಲ, ಹಂಗಾಗಿ ತಗಡು ಗಿಡದ ಕುತ್ತಿಗಿ ಹಿಸುಕ್ತೈತಿ ಅನ್ನೋ ಭಯ ಬ್ಯಾಡ. ಮ್ಯಾಲೊಂದು ಕೆಳಗೊಂದು ಬೈಂಡಿಂಗ್ ವೈರ್ ಸುತ್ತಿ ಕಟಿಂಗ್ ಪ್ಲೇಯರ್‌ಲೆ ತಿರುವಿದ್ರ ಸಾಕು, ವೈರಿನ ತುದಿ ಹೊರಗ ಚಾಚಿ ಉಳೀಬಾರದು, ಅದೇ ಹಿಡಿಕಿ ಆಗ್ತೈತಿ, ತಗಡಿಗೆ ಒತ್ತಿ ಮಲಗಿಸಿ ಬಿಡ್ರಿ. ನಿಮ್ಮ ಗಿಡಕ್ಕ ಹತ್ತಾಕ ಮಚ್ಚಿನಿಂದ ಮೆಟ್ಟಿಲು ಕಡಿದಿದ್ರ ತಗಡಿನ ಹಿಂದ ಪೊಳ್ಳು ಉಳೀತೈತಿ, ಇಲಿ ಒಳಗಿಂದ ಒಳಗೇ ಏರಿ ಮ್ಯಾಲೆ ಹೊರಗ ಬರ್ತೈತಿ. ತಗಡಿನ ಕೆಳಗಿನ ಅಂಚಿಗೆ ಸಂದಿ ಕಂಡಲ್ಲೆಲ್ಲ ಜಿಐ ಜಾಳಿಗಿ ಸುರುಳಿ ಮಾಡಿ ತುರುಕ್ರಿ.

ಕಾಯಿ ಇಳಸಾವ್ರು ಬಂದಾಗ ತಗಡು ಬಿಚ್ಚಿಟ್ಟೇ ಹತ್ತಬೇಕು, ಇದನ್ನ ಮರೀಬ್ಯಾಡ್ರಿ. ಬರಿಗಾಲಿನವ್ರಿಗೂ ಅದರ ಮ್ಯಾಲೆ ಕಾಲು ಜಾರ್ತೈತಿ, ಹತ್ತೋ ಮಷೀನಿನ ವೈರ್ ಕುಣಿಕಿನೂ ನುಣುಪು ತಗಡಿನ ಮ್ಯಾಲೆ ಹಿಡಿತ ಬಿಡ್ತೈತಿ. ವೈರ್ ಕಟ್ಟಿದ್ರ ಬಿಚ್ಚೋದು ಎರಡು ನಿಮಿಷದ ಕೆಲಸ, ಮತ್ತ ಅವರು ಇಳಿದ ಮ್ಯಾಲೆ ಅವತ್ತೇ ಕಟ್ಟಬೇಕು.

ಅಡಿಕಿ ಬಗ್ಗೆ ಸ್ವಲ್ಪ ಬ್ಯಾರೆ ಹೇಳಬೇಕಾಗ್ತೈತಿ. ಅಡಿಕಿ ಗರಿ ಹಾಳಿ ಬೊಡ್ಡಿಗೆ ಬಿಗಿಯಾಗಿ ಅಂಟಿರ್ತೈತಿ, ಒಣಗಿದ್ರ ಪೂರಾ ಹಾಳಿ ಸಮೇತ ತಾನೇ ಉದುರ್ತೈತಿ, ಅಲ್ಲಿ ಗೂಡು ಕಟ್ಟಾಕ ತೆಂಗಿನಷ್ಟು ಜಾಗ ಸಿಗಂಗಿಲ್ಲ. ಇಲಿಗೆ ಅದು ಮನಿಗಿಂತ ಹೆಚ್ಚಾಗಿ ಏಣಿ. ನಮ್ಮ ಕಡೆ ಮನಿ ಮುಂದ ಅಂದಕ್ಕ ಹಚ್ಚೋವ್ರು ಮೂರ್ನಾಕು ಅಡಿಗೊಂದು ಹಚ್ಚಿರ್ತಾರ, ತೋಟದಾಗ ಒಂಬತ್ತು ಅಡಿ ಬಿಡೋ ಗಿಡ ಅದು, ಹಂಗಾಗಿ ಮ್ಯಾಲೆ ಐದೂ ಗಿಡದ ಗರಿ ಒಂದರಾಗೊಂದು ಹೆಣಕೊಂಡಿರ್ತಾವ. ನಾಕಕ್ಕ ತಗಡು ಕಟ್ಟಿ ಒಂದು ಬಿಟ್ರ ಐದೂ ಬಿಟ್ಟಂಗೇ. ಐದಕ್ಕೂ ಕಟ್ರಿ, ಬೊಡ್ಡಿ ತೆಳ್ಳಗ ಇರೋದ್ರಿಂದ ಒಂದಕ್ಕ ಅರ್ಧ ಮೀಟರ್ ಸುಮಾರು ತಗಡು ಸಾಕು, ಅಗಲ ಮಾತ್ರ ಅದೇ 40. ಅಡಿಕಿ ಬೊಡ್ಡಿ ಪಶ್ಚಿಮದ ಬಿಸಿಲಿಗೆ ಸುಡೋ ಜಾತಿ, ಕಾದ ತಗಡು ಅದಕ್ಕ ಅಂಟಿ ಕೂಡೋದು ನನಗ ಸರಿ ಅನಸಂಗಿಲ್ಲ, ಅದಕ್ಕ ತಗಡಿಗೆ ಹೊರಗ ಬಿಳಿ ಬಣ್ಣ ಹೊಡಿಸಿ, ಉಳಿದ ಬೊಡ್ಡಿಗೆ ಸುಣ್ಣ ಬಳೀರಿ. ಅಡಿಕಿಗೆ ಎಲಿಬಳ್ಳಿ, ಮನಿಪ್ಲಾಂಟ್, ಮಲ್ಲಿಗಿ ಬಳ್ಳಿ ಹಬ್ಬಿಸಿದ್ರ ಅದನ್ನ ತಗಡಿನ ಕೆಳಗೇ ಕತ್ತರಿಸಿಡ್ರಿ, ಬಳ್ಳಿ ತಗಡು ದಾಟಿತು ಅಂದ್ರ ತಗಡು ಇಲ್ಲದಂಗೇ.

ಈಗ ಔಷಧದ ಮಾತು. ಇಷ್ಟು ಮಾಡಿದ ಮನಿಯಾಗ ಭಾಳ ಸಲ ವಿಷದ ಗರಜೇ ಬೀಳಂಗಿಲ್ಲ, ಅದಕ್ಕ ನಾನು ಅದನ್ನ ಕೊನಿಗೆ ಇಡ್ತೀನಿ. ಕ್ಲೀನ್ ಮಾಡಿ ತಗಡು ಕಟ್ಟಿದ ಮ್ಯಾಲೂ ಹೊಸ ತೂತಿನ ಕಾಯಿ ಬೀಳ್ತಾವ, ಮ್ಯಾಲೆ ಯಾವುದೋ ಉಳಕೊಂಡೈತಿ ಅನ್ನಿಸಿದ್ರ ಬ್ರೋಮಾಡಿಯೋಲೋನ್ 0.005 ಪರ್ಸೆಂಟ್ ಇರೋ ಮೇಣದ ಬಿಲ್ಲಿ ತರ್ರಿ, 10 ಗ್ರಾಮಿಂದು ಒಂದೊಂದು. ಅದು ಕೆಲಸ ಮಾಡೋ ಜಾಗ ಗಿಡದ ತಲಿ, ಬುಡ ಅಲ್ಲ. ಗರಿ ಬುಡದ ಸಂದಿಯಾಗ ಎರಡು ಬಿಲ್ಲಿ, ಗಾಳಿಗೆ ಬೀಳದಂಗ ವೈರಿನಿಂದ ಪೋಣಿಸಿ ಕಟ್ಟಬೇಕು, 12 ದಿನ ಬಿಟ್ಟು ಇನ್ನೊಮ್ಮೆ. ತೋಟದಾಗ ಐದು ಗಿಡಕ್ಕ ಒಂದರಾಗ ಇಟ್ರ ಸಾಕಾಗ್ತೈತಿ, ನಿಮ್ಮಲ್ಲಿ ತೂತಿನ ಕಾಯಿ ಬೀಳೋ ತೆಂಗಿಗೆ ಮಾತ್ರ ಇಡ್ರಿ. ಇದು ರಕ್ತ ಹೆಪ್ಪುಗಟ್ಟದಂಗ ಮಾಡೋ ವಿಷ, ತಿಂದ ದಿನಾನೇ ಸಾಯಂಗಿಲ್ಲ, ಮೂರು ದಿನದಿಂದ ವಾರ ಹಿಡೀತೈತಿ, ಅದಕ್ಕ ಮರುದಿನ ಇಲಿ ಕಂಡ್ರ ಕೆಲಸ ಆಗಿಲ್ಲ ಅಂತ ಇನ್ನಷ್ಟು ಇಡಬ್ಯಾಡ್ರಿ. ಆ ವಾರ ದಿನಾ ಮುಂಜಾನೆ ತಗಡಿನ ಮ್ಯಾಲೆ, ಗಿಡದ ಸುತ್ತ ನೋಡಿ ಸತ್ತ ಇಲಿ ಚಿಮಟದಿಂದ ಎತ್ತಿ ಹುಗೀರಿ, ಬೆಕ್ಕು, ನಾಯಿ, ಗೂಬಿ ಅದನ್ನ ತಿಂದ್ರ ಅವಕ್ಕೂ ವಿಷ ಏರ್ತೈತಿ. ಮಕ್ಕಳು ಅಕಸ್ಮಾತ್ ಬಾಯಿಗೆ ಹಾಕ್ಕೊಂಡ್ರ ಆರಾಮ್ ಅದಾರಲ್ಲ ಅಂತ ಸುಮ್ನ ಕೂಡಬಾರದು, ಲಕ್ಷಣ ತಡವಾಗಿ ಕಾಣ್ತಾವ, ಪಾಕೀಟ್ ಸಮೇತ ದವಾಖಾನಿಗೆ ಹೋಗ್ರಿ, ಇದಕ್ಕ ವಿಟಮಿನ್ ಕೆ1 ಅಂತ ಮದ್ದು ಐತಿ. ಅಂಗಡಿಯಾಗ ಕರಿ ಪುಡಿ ಸಿಗ್ತೈತಲ್ಲ, ಜಿಂಕ್ ಫಾಸ್ಫೈಡ್, ಅದನ್ನ ಮನಿ ಮ್ಯಾಲಿನ ಗಿಡದಾಗ ಇಡಬ್ಯಾಡ್ರಿ. ಹೊಟ್ಟಿಗೆ ಹೋದ್ರ ಅದು ವಿಷದ ಗ್ಯಾಸ್ ಆಗ್ತೈತಿ, ಅದಕ್ಕ ಇಂಥ ನಿರ್ದಿಷ್ಟ ಮದ್ದೂ ಇಲ್ಲ, ಮತ್ತ ಸ್ವಲ್ಪ ತಿಂದು ಬದುಕಿದ ಇಲಿ ಆಮ್ಯಾಲೆ ಅಂಥ ತಿನಿಸೇ ಮುಟ್ಟಂಗಿಲ್ಲ.

ತಗಡಿನ ಮ್ಯಾಲೆ ಓಡಾಡೋ ಒಂದೆರಡು ಉಳಿದಿದ್ರ ಬೋನು ಸಾಕು. ಸುಟ್ಟ ಕೊಬ್ಬರಿ ಚೂರು ಹಚ್ಚಿ, ರಂಗೋಲಿ ಪುಡಿದಾಗ ಗುರ್ತು ಕಂಡ ಜಾಗಕ್ಕೇ ಇಡ್ರಿ. ಕರಿ ಇಲಿ ಹೊಸ ವಸ್ತು ಕಂಡ್ರ ಅಂಜ್ತೈತಿ, ಅದಕ್ಕ ಮೊದ್ಲು ಮೂರ್ನಾಕು ರಾತ್ರಿ ಬೋನಿನ ಬಾಗಿಲು ಎತ್ತಿ ಕಟ್ಟಿ ಸುಮ್ನ ತಿನ್ನಾಕ ಬಿಡ್ರಿ, ತಿಂದು ರೂಢಿ ಆದ ಮ್ಯಾಲೆ ಹೂಡ್ರಿ.

ಕೆಲಸ ಆಯ್ತೋ ಇಲ್ಲೋ ಅಂತ ಗೊತ್ತಾಗೋದು ಬುಡದ ಕಾಯಿ ನೋಡಿ. ತಗಡು ಕಟ್ಟಿದ ಮೊದಲ ವಾರ ತೂತಿನ ಕಾಯಿ ಬೀಳ್ತಾವ, ಅವು ಮೊದಲೇ ಕಡಿಸ್ಕೊಂಡು ಗೊನಿಯಾಗ ಜೋತಿದ್ದವು, ತೂತಿನ ಅಂಚು ಒಣಗಿ ಕಂದು ಆಗಿರ್ತೈತಿ. ಎರಡು ವಾರದ ಮ್ಯಾಲೂ ಅಂಚು ಹಸಿ ಇರೋ ಕಾಯಿ ಬಿದ್ರ ಎಲ್ಲೋ ದಾರಿ ಉಳದೈತಿ. ಒಂದೇ ಗಿಡದಾಗ ಬಿದ್ರ ಆ ಗಿಡದ ತಗಡಿನ ಹಿಂದಿನ ಸಂದಿ ನೋಡ್ರಿ ಇಲ್ಲ ತಲಿಯೊಳಗ ಒಂದು ಉಳಿದಿರಬೇಕು, ಎರಡರಾಗೂ ಬಿದ್ರ ಗರಿ ಸೇತುವಿ ಹುಡುಕ್ರಿ. ಗಂಗಾವತಿ ಮನಿಯಾಗ ಹಿಂಗೇ ಒಂದ್ರಾಗ ಬೀಳೋದು ನಿಂತು ಇನ್ನೊಂದ್ರಾಗ ನಿಲ್ಲಲಿಲ್ಲ, ಹೋಗಿ ನೋಡಿದ್ರ ಗೆದ್ದಲು ಬೊಡ್ಡಿಯಿಂದ ಹೊರಟು ತಗಡಿನ ಮ್ಯಾಲೂ ಮಣ್ಣಿನ ದಾರಿ ಕಟ್ಟಿತ್ತು, ಆ ಒರಟು ಮಣ್ಣಿನಾಗ ಉಗುರು ಊರಿದ ಗುರ್ತು ಚಂದಾಗಿ ಕಾಣ್ತಿದ್ವು. ಅದನ್ನ ಕೆರದು ತೊಳದು, ಬುಡದ ಗೆದ್ದಲಿಗೆ ಮದ್ದು ಮಾಡಿಸಿದ ಮ್ಯಾಲೆ ನಿಂತಿತು. ನಮ್ಮ ಕಡೆ ಧೂಳೂ ಕಡಿಮಿ ಇಲ್ಲ, ಧೂಳು ಕೂತು ಮಳಿ ಹನಿಸಿ ಒಣಗಿದ್ರ ತಗಡು ಒರಟಾಗ್ತೈತಿ, ತಿಂಗಳಿಗೊಮ್ಮೆ ಹಸಿ ಅರಿವಿಲೆ ಒರಸ್ರಿ. ತಗಡಿನ ಬದ್ಲಿ ಪ್ಲಾಸ್ಟಿಕ್ ಶೀಟ್ ಸುತ್ತೋವ್ರು ಅದಾರ, ನಮ್ಮ ಬಿಸಿಲಿಗೆ ಅದು ಸೀಳಿ ಚೂರಾಗ್ತೈತಿ, ನಾನು ಹೇಳಂಗಿಲ್ಲ.

ಇನ್ನ ಕಡಿಯೋ ಮಾತು. ನಿಮ್ಮ ತೆಂಗಿನ ಬೊಡ್ಡಿನೇ ವಾಲಿ ಅಡಿಗಿಮನಿ ತಗಡಿಗೆ ನಾಕು ಅಡಿಗಿಂತ ಹತ್ರ ಇದ್ದು, ಗಿಡದ ತಲಿ ಮನಿ ನಡುಮಧ್ಯಕ್ಕೇ ಬಂದಿದ್ರ ತಗಡು ಕಟ್ಟಾಕ ಸರಿಯಾದ ಎತ್ತರ ಸಿಗಂಗಿಲ್ಲ, ಎಷ್ಟು ಗರಿ ಇಳಿಸಿದ್ರೂ ಹೊಸ ಗರಿ ಮನಿ ಮ್ಯಾಲೇ ಬೀಳ್ತೈತಿ, ಕಾಯಿ ಬಿದ್ದು ತಗಡು ಒಡಿಯೋ ಭಯ ಬ್ಯಾರೆ. ಅಂಥದೊಂದು ಇದ್ರ ಅದನ್ನ ತಗಸೋದೇ ಸರಿ, ನೆಟ್ಟಗ ಇರೋ ಇನ್ನೊಂದನ್ನ ಉಳಿಸ್ಕೋರಿ. ಅಡಿಕಿದೂ ಹಂಗೇ, ತೆಂಗಿಗೆ ತಾಗೋ ಕಡೆ ಇರೋದು ಒಂದು ತಗಸಿದ್ರ ಉಳಿದ ನಾಕಕ್ಕೂ ತೆಂಗಿಗೂ ನಡುವ ಅಂತರ ಬರ್ತೈತೇನು ಅಂತ ನಿಂತು ನೋಡ್ರಿ, ಬಂದ್ರ ನಿಮ್ಮ ಅರ್ಧ ಕೆಲಸ ಅಲ್ಲೇ ಮುಗೀತು. ಮಾಡೋದಾದ್ರ ಸುತ್ತಲಿನ ಬ್ಯಾಸಿಗಿ ಭತ್ತದ ಕೊಯ್ಲು ಸುರು ಆಗೋಕಿಂತ ಮುಂಚೆ ಮುಗಿಸ್ರಿ, ಕೊಯ್ದ ಭತ್ತ ಮನಿಗೆ ಬಂದ ಮ್ಯಾಲೆ ಇಲಿಗೆ ಒಳಗೇ ಊಟ ಸಿಗ್ತೈತಿ, ಆಗ ಓಡಿಸೋದು ಇನ್ನೂ ಕಷ್ಟ. ಗಿಡ, ತಗಡು, ಗೋಡಿ ಮೂರೂ ಕಾಣೋ ಹಂಗ ದೂರದಿಂದ ಒಂದು ಫೋಟೋ ತೆಗದು ಕಳಿಸಿದ್ರ ತಗಡು ಎಷ್ಟು ಎತ್ತರಕ್ಕ ಬರಬೇಕಂತ ನಾನೇ ಹೇಳ್ತೀನಿ.